ಪ್ರಶಸ್ತಿ ಪ್ರಕಟಣೆಯ ಅಡಿಬರಹ

ಪ್ರಶಸ್ತಿ ಪ್ರಕಟಣೆಯ ಅಡಿಬರಹ ಎಂದರೆ ಪ್ರಶಸ್ತಿಯೊಂದರ ಬಗ್ಗೆ ಸರ್ಕಾರ ಅಥವಾ ಸಂಸ್ಥೆ ಹೊರಡಿಸಿದ ಔಪಚಾರಿಕ ಪತ್ರಿಕಾ ಪ್ರಕಟಣೆಯನ್ನು ಆಧರಿಸಿ, ಛಾಯಾಚಿತ್ರದ ಕೆಳಗೆ ಪ್ರಕಟಿಸಲು ಸಿದ್ಧಪಡಿಸುವ ಎರಡರಿಂದ ನಾಲ್ಕು ವಾಕ್ಯಗಳ ಕಿರುಬರಹ. ಆಡುಮಾತಿನಲ್ಲಿ ಇದನ್ನು ಕ್ಯಾಪ್ಷನ್ ಎಂದೇ ಕರೆಯುವುದು ರೂಢಿ. ಇದು ಪ್ರಕಟಣೆಯ ಸಂಕ್ಷೇಪವಲ್ಲ. ಪ್ರಕಟಣೆಯ ಕೇಂದ್ರದಲ್ಲಿ ಪ್ರಶಸ್ತಿ ಮತ್ತು ಅದನ್ನು ನೀಡುವವರು ಇರುತ್ತಾರೆ. ಅಡಿಬರಹದ ಕೇಂದ್ರದಲ್ಲಿ ಪುರಸ್ಕೃತರು ಮಾಡಿದ ಕೆಲಸ ಇರುತ್ತದೆ. ಅಡಿಬರಹದ ವಿನಯವೂ ಆಕರ್ಷಣೆಯೂ ಮುಖ್ಯವಾಗಿ ಈ ಸ್ಥಾನಪಲ್ಲಟದಿಂದಲೇ ಹುಟ್ಟುತ್ತವೆ.

ಈ ಲೇಖನವು ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಪರಿಸರದ ಉದಾಹರಣೆಗಳ ಮೂಲಕ ಈ ಪರಿವರ್ತನೆಯ ಕ್ರಮವನ್ನು ವಿವರಿಸುತ್ತದೆ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಕೃಷಿಕ ಅಮೈ ಮಹಾಲಿಂಗ ನಾಯ್ಕರಿಗೆ ಸಂದ 2022ರ ಪದ್ಮಶ್ರೀ ಪ್ರಶಸ್ತಿಯ ಪ್ರಕಟಣೆಯನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

## ಪತ್ರಿಕಾ ಪ್ರಕಟಣೆಯ ರಚನೆ

ಕೇಂದ್ರ ಗೃಹ ಸಚಿವಾಲಯವು ಪದ್ಮ ಪ್ರಶಸ್ತಿಗಳನ್ನು ಪ್ರತಿವರ್ಷ ಗಣರಾಜ್ಯೋತ್ಸವದ ಸಂದರ್ಭದಲ್ಲಿ ಘೋಷಿಸುತ್ತದೆ. 2022ರ ಪ್ರಕಟಣೆ ಆ ವರ್ಷದ ಜನವರಿ 25ರಂದು ಹೊರಬಂದಿತು. ಅದರ ಆರಂಭದಲ್ಲಿ ಪದ್ಮ ಪ್ರಶಸ್ತಿಗಳು ದೇಶದ ಅತ್ಯುನ್ನತ ನಾಗರಿಕ ಗೌರವಗಳ ಸಾಲಿಗೆ ಸೇರಿದವು ಎಂಬ ವಿವರಣೆ, ಬಳಿಕ ಪ್ರಶಸ್ತಿ ನೀಡಲಾಗುವ ಕ್ಷೇತ್ರಗಳ ಪಟ್ಟಿ, ಅನಂತರ ಪದ್ಮವಿಭೂಷಣ, ಪದ್ಮಭೂಷಣ ಮತ್ತು ಪದ್ಮಶ್ರೀ ಎಂಬ ಮೂರು ಶ್ರೇಣಿಗಳ ನಡುವಣ ವ್ಯತ್ಯಾಸ ಬರುತ್ತವೆ. ಮುಂದೆ ಆ ವರ್ಷದ ಒಟ್ಟು ಲೆಕ್ಕವಿದೆ: 4 ಪದ್ಮವಿಭೂಷಣ, 17 ಪದ್ಮಭೂಷಣ, 107 ಪದ್ಮಶ್ರೀ, ಒಟ್ಟು 128. ಕೊನೆಯಲ್ಲಿ ಕೋಷ್ಟಕವಿದೆ.

ಮಹಾಲಿಂಗ ನಾಯ್ಕರಿಗೆ ಸಂಬಂಧಿಸಿದ ಭಾಗ ಈ ಕೋಷ್ಟಕದ ಒಂದೇ ಸಾಲು. ಅದರಲ್ಲಿ ಹೆಸರು, ಕ್ಷೇತ್ರವಾಗಿ 'ಇತರೆ – ಕೃಷಿ', ರಾಜ್ಯವಾಗಿ 'ಕರ್ನಾಟಕ' ಎಂದಷ್ಟೇ ಇದೆ. ಊರಿನ ಹೆಸರಿಲ್ಲ, ತಾಲೂಕಿನ ಹೆಸರಿಲ್ಲ, ಅವರು ಮಾಡಿದ ಕೆಲಸದ ಉಲ್ಲೇಖವೂ ಇಲ್ಲ. ಪ್ರಕಟಣೆಯ ಉದ್ದ ಹಲವು ಪುಟಗಳಾದರೂ, ಅಡಿಬರಹಕ್ಕೆ ಬೇಕಾದ ಮುಖ್ಯ ಸಂಗತಿಯೇ ಅದರಲ್ಲಿ ಇರುವುದಿಲ್ಲ. ಆದ್ದರಿಂದ ಪ್ರಕಟಣೆಯನ್ನು ಕತ್ತರಿಸುತ್ತಾ ಹೋದರೆ ಅಡಿಬರಹ ದೊರೆಯದು. ಉಳಿಯುವುದು ಪ್ರಶಸ್ತಿಯ ಹೆಸರು ಮಾತ್ರ.

ಸ್ಥಳೀಯ ಶಾಲೆ, ಸಹಕಾರ ಸಂಘ ಅಥವಾ ಕಲಾಸಂಘಗಳ ಪ್ರಕಟಣೆಗಳು ಇದಕ್ಕೆ ವಿರುದ್ಧ ಸ್ವರೂಪದವು. ಅವುಗಳಲ್ಲಿ ಪುರಸ್ಕೃತರ ವಿವರ ಹೇರಳವಾಗಿರುತ್ತದೆ. ಜೊತೆಗೆ ಸಮಾರಂಭದ ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಸ್ವಾಗತಿಸಿದವರು ಮತ್ತು ವಂದಿಸಿದವರ ಹೆಸರುಗಳೂ ಇರುತ್ತವೆ. ಮೊದಲ ಬಗೆಯ ಪ್ರಕಟಣೆಗೆ ಹೊರಗಿನಿಂದ ಸಂಗತಿ ಸೇರಿಸಬೇಕಾಗುತ್ತದೆ, ಎರಡನೆಯ ಬಗೆಯಿಂದ ಸಂಗತಿಯನ್ನು ಆರಿಸಿ ತೆಗೆಯಬೇಕಾಗುತ್ತದೆ. ಕೈಗೆ ಬಂದಿರುವುದು ಯಾವ ಬಗೆಯದು ಎಂಬುದನ್ನು ಗುರುತಿಸುವುದೇ ಪರಿವರ್ತನೆಯ ಮೊದಲ ಕೆಲಸ.

## ಉಳಿಸಿಕೊಳ್ಳಬೇಕಾದ ಸಂಗತಿಗಳು

ಅಡಿಬರಹ ಎಷ್ಟೇ ಚಿಕ್ಕದಾದರೂ ಪ್ರಕಟಣೆಯಿಂದ ಬದಲಾವಣೆಯಿಲ್ಲದೆ ಬರಬೇಕಾದ ನಾಲ್ಕು ಸಂಗತಿಗಳಿವೆ: ಪುರಸ್ಕೃತರ ಹೆಸರು, ಪ್ರಶಸ್ತಿಯ ನಿಖರವಾದ ಹೆಸರು, ಅದರ ವರ್ಷ ಮತ್ತು ಅದು ಈಗ ಯಾವ ಹಂತದಲ್ಲಿದೆ ಎಂಬುದು.

ಪ್ರಶಸ್ತಿಯ ಹೆಸರನ್ನು ಮೊಟಕುಗೊಳಿಸಿದಾಗ ಅದರ ಮಟ್ಟವೇ ಬದಲಾಗುವುದುಂಟು. ಕರ್ನಾಟಕದಲ್ಲಿ ಇದಕ್ಕೆ ಪದೇಪದೇ ಕಾಣುವ ನಿದರ್ಶನ ರಾಜ್ಯೋತ್ಸವ ಪ್ರಶಸ್ತಿ. ರಾಜ್ಯ ಸರ್ಕಾರ ನೀಡುವ ರಾಜ್ಯೋತ್ಸವ ಪ್ರಶಸ್ತಿ ಬೇರೆ, ಜಿಲ್ಲಾ ಮಟ್ಟದಲ್ಲಿ ನೀಡಲಾಗುವ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿ ಬೇರೆ. ಸ್ಥಳ ಉಳಿಸಲೆಂದು 'ಜಿಲ್ಲಾ' ಎಂಬ ಪದವನ್ನು ಬಿಟ್ಟರೆ ಜಿಲ್ಲೆಯ ಗೌರವ ರಾಜ್ಯದ ಗೌರವವಾಗಿ ಓದಿಸಿಕೊಳ್ಳುತ್ತದೆ. ಬರೆದವರಿಗೆ ಅಂತಹ ಉದ್ದೇಶ ಇಲ್ಲದಿದ್ದರೂ ಓದುಗರಿಗೆ ಅದು ಬಡಾಯಿಯಾಗಿ ಕಾಣುತ್ತದೆ, ಮುಜುಗರ ಪುರಸ್ಕೃತರ ಪಾಲಾಗುತ್ತದೆ. ಅಡಿಬರಹದಲ್ಲಿ ವಿನಯವು ನಿಖರತೆಯಿಂದ ಆರಂಭವಾಗುತ್ತದೆ ಎನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಹಂತವನ್ನು ಸೂಚಿಸುವುದು ಕ್ರಿಯಾಪದ. 'ನಾಮನಿರ್ದೇಶನಗೊಂಡಿದ್ದಾರೆ' ಎಂದರೆ ಹೆಸರು ಸೂಚಿತವಾಗಿದೆ, ನಿರ್ಣಯ ಬಾಕಿಯಿದೆ. 'ಆಯ್ಕೆಯಾಗಿದ್ದಾರೆ' ಅಥವಾ 'ಪ್ರಶಸ್ತಿ ಘೋಷಣೆಯಾಗಿದೆ' ಎಂದರೆ ನಿರ್ಣಯವಾಗಿದೆ, ಪ್ರದಾನ ಬಾಕಿಯಿದೆ. 'ಪ್ರದಾನ ಮಾಡಲಾಯಿತು' ಎಂದರೆ ಸಮಾರಂಭ ಮುಗಿದಿದೆ. 2022ರ ಪದ್ಮ ಪ್ರಶಸ್ತಿಗಳ ಘೋಷಣೆ ಜನವರಿಯಲ್ಲಿ ಆಯಿತು; ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ರಾಷ್ಟ್ರಪತಿ ಭವನದಲ್ಲಿ ಪ್ರಶಸ್ತಿಗಳನ್ನು ಪ್ರದಾನ ಮಾಡಿದ್ದು ಮಾರ್ಚ್ ತಿಂಗಳಲ್ಲಿ. ಜನವರಿಯ ಚಿತ್ರದ ಕೆಳಗೆ 'ಪದ್ಮಶ್ರೀ ಸ್ವೀಕರಿಸಿದರು' ಎಂದು ಬರೆಯುವುದು ತಪ್ಪು. ಮಾರ್ಚ್‌ನ ಚಿತ್ರದ ಕೆಳಗೆ 'ಆಯ್ಕೆಯಾಗಿದ್ದಾರೆ' ಎಂಬುದು ಹಳೆಯ ಸುದ್ದಿ.

## ಬಿಡಬೇಕಾದ ಸಂಗತಿಗಳು

ಪ್ರಶಸ್ತಿಯ ಸಾಮಾನ್ಯ ವಿವರಣೆಯನ್ನು ಬಿಡಬಹುದು. ಪದ್ಮಶ್ರೀ ಎಂದರೇನೆಂದು ಓದುಗರಿಗೆ ಗೊತ್ತಿರುತ್ತದೆ. ಅಷ್ಟಾಗಿ ಪರಿಚಿತವಲ್ಲದ ಪ್ರಶಸ್ತಿಯಾದರೆ ಅದನ್ನು ನೀಡುವ ಸಂಸ್ಥೆಯ ಹೆಸರು ಸಾಕು. ಆ ವರ್ಷದ ಒಟ್ಟು ಪುರಸ್ಕೃತರ ಸಂಖ್ಯೆ, ಆಯ್ಕೆ ಸಮಿತಿಯ ವಿವರ, ಸಮಾರಂಭದ ಅತಿಥಿಗಳ ಪಟ್ಟಿ ಇವೆಲ್ಲ ವರದಿಯಲ್ಲಿ ಇರಬೇಕಾದವು.

ಪುರಸ್ಕೃತರ ಹಿಂದಿನ ಪ್ರಶಸ್ತಿಗಳನ್ನೂ ಸಾಮಾನ್ಯವಾಗಿ ಬಿಡಲಾಗುತ್ತದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರಿಗೆ 2000ದಲ್ಲಿ ಪದ್ಮಭೂಷಣವೂ 2015ರಲ್ಲಿ ಪದ್ಮವಿಭೂಷಣವೂ ಸಂದಿವೆ. 2015ರ ಚಿತ್ರಕ್ಕೆ ಬರೆಯುವ ಅಡಿಬರಹದಲ್ಲಿ ಹಿಂದಿನದನ್ನೂ ಇತರ ಗೌರವಗಳನ್ನೂ ಸೇರಿಸುತ್ತ ಹೋದರೆ ಅದು ಪರಿಚಯಪತ್ರವಾಗುತ್ತದೆ. ಒಂದು ಚಿತ್ರಕ್ಕೆ ಒಂದು ಸಂಗತಿ ಎಂಬ ಮಿತಿಯನ್ನು ಪಾಲಿಸಿದರೆ ಬರಹ ತಾನಾಗಿಯೇ ಚಿಕ್ಕದಾಗುತ್ತದೆ.

ಪ್ರಶಂಸೆಯ ಸಿದ್ಧ ಪದಗುಚ್ಛಗಳನ್ನೂ ಬಿಡಬೇಕು. 'ಊರಿನ ಹೆಮ್ಮೆಯ ಪುತ್ರ', 'ಕಿರೀಟಕ್ಕೆ ಮತ್ತೊಂದು ಗರಿ', 'ಪ್ರಶಸ್ತಿಯನ್ನು ಮುಡಿಗೇರಿಸಿಕೊಂಡ ಸಾಧಕ', 'ಅಪ್ರತಿಮ ಸೇವೆಯನ್ನು ಪರಿಗಣಿಸಿ' ಮುಂತಾದವು ಯಾರ ಹೆಸರಿನ ಮುಂದಾದರೂ ಹೊಂದುತ್ತವೆ. ಇದನ್ನು ಪರೀಕ್ಷಿಸಲು ಒಂದು ಸರಳ ಕ್ರಮವಿದೆ: ಬರೆದ ಅಡಿಬರಹದಲ್ಲಿ ಪುರಸ್ಕೃತರ ಹೆಸರನ್ನು ತೆಗೆದು ಬೇರೊಬ್ಬರ ಹೆಸರನ್ನು ಇಟ್ಟು ಓದಬೇಕು. ವಾಕ್ಯ ಆಗಲೂ ಸರಿಯಾಗಿಯೇ ಉಳಿದರೆ ಅದರಲ್ಲಿ ಆ ವ್ಯಕ್ತಿಗೆ ಸೇರಿದ್ದೇನೂ ಇಲ್ಲವೆಂದು ತಿಳಿಯಬಹುದು.

## ವಿನಯದ ವ್ಯಾಕರಣ

ಪ್ರಶಸ್ತಿಯ ಬಗ್ಗೆ ಬರೆಯುವಾಗ ಕನ್ನಡದಲ್ಲಿ ಎರಡು ಬಗೆಯ ವಾಕ್ಯರಚನೆಗಳು ಲಭ್ಯವಿವೆ. ಮೊದಲನೆಯದರಲ್ಲಿ ಪುರಸ್ಕೃತರು ಕರ್ತೃ: 'ಅವರು ಪ್ರಶಸ್ತಿ ಪಡೆದರು', 'ಪ್ರಶಸ್ತಿ ಗೆದ್ದರು', 'ಪ್ರಶಸ್ತಿಗೆ ಭಾಜನರಾದರು'. ಎರಡನೆಯದರಲ್ಲಿ ಪ್ರಶಸ್ತಿಯೇ ಕರ್ತೃ, ವ್ಯಕ್ತಿಯ ಹೆಸರು ಚತುರ್ಥಿ ವಿಭಕ್ತಿಯಲ್ಲಿರುತ್ತದೆ: 'ಅವರಿಗೆ ಪ್ರಶಸ್ತಿ ಬಂದಿದೆ', 'ಲಭಿಸಿದೆ', 'ಸಂದಿದೆ'. ಹಸಿವು, ಸಂತೋಷ, ನೆನಪು ಮುಂತಾದವು ಮನುಷ್ಯನಿಗೆ 'ಆಗುವ' ಅಥವಾ 'ಬರುವ' ಸಂಗತಿಗಳಾಗಿ ಕನ್ನಡದಲ್ಲಿ ಹೇಳಲ್ಪಡುವಂತೆ, ಪ್ರಶಸ್ತಿಯೂ ಈ ರಚನೆಯಲ್ಲಿ ಹೊರಗಿನಿಂದ ಬಂದದ್ದಾಗಿ ನಿರೂಪಿತವಾಗುತ್ತದೆ. ಅದನ್ನು ಬೆನ್ನಟ್ಟಿ ಪಡೆದ ಭಾವ ಇರುವುದಿಲ್ಲ.

ಈ ಕಾರಣಕ್ಕೆ ಒಳ್ಳೆಯ ಅಡಿಬರಹಗಳಲ್ಲಿ ಕ್ರಿಯಾಪದಗಳು ಒಂದು ರೀತಿಯಲ್ಲಿ ಹಂಚಿಕೆಯಾಗುತ್ತವೆ. ಕೆಲಸದ ವಾಕ್ಯಗಳಲ್ಲಿ ವ್ಯಕ್ತಿ ಕರ್ತೃವಾಗಿರುತ್ತಾರೆ: ಅಗೆದರು, ನೆಟ್ಟರು, ಕಲಿಸಿದರು, ಹಾಡಿದರು. ಪ್ರಶಸ್ತಿಯ ವಾಕ್ಯದಲ್ಲಿ ಅವರು ಚತುರ್ಥಿಗೆ ಸರಿಯುತ್ತಾರೆ. ಇದರಿಂದ ವ್ಯಕ್ತಿಯ ಶ್ರಮ ಕಿರಿದಾಗದೆ ಪ್ರಶಸ್ತಿಯ ಆಡಂಬರ ಮಾತ್ರ ಕಡಿಮೆಯಾಗುತ್ತದೆ.

ಪುರಸ್ಕೃತರು ತಾವೇ ಬರೆಯುವ ಅಡಿಬರಹದಲ್ಲಿ ಇನ್ನೊಂದು ಅನುಕೂಲವಿದೆ. ಕನ್ನಡದ ಕ್ರಿಯಾಪದವೇ ಪುರುಷವನ್ನು ಸೂಚಿಸುವುದರಿಂದ 'ನಾನು' ಎಂಬ ಪದವನ್ನು ಪದೇಪದೇ ಬರೆಯುವ ಅಗತ್ಯವಿಲ್ಲ. 'ಇಪ್ಪತ್ತು ವರ್ಷ ಇದೇ ಶಾಲೆಯಲ್ಲಿ ಕಲಿಸಿದೆ' ಎಂದರೆ ಸಾಕು. ಅದೇ ವೇಳೆ ವಿನಯವನ್ನು ಬಾಯಿಬಿಟ್ಟು ಹೇಳುವುದು ತದ್ವಿರುದ್ಧ ಪರಿಣಾಮ ಬೀರುತ್ತದೆ. 'ಅತ್ಯಂತ ವಿನಮ್ರತೆಯಿಂದ ಈ ಮಹಾನ್ ಗೌರವವನ್ನು ಸ್ವೀಕರಿಸುತ್ತಿದ್ದೇನೆ' ಎಂಬ ವಾಕ್ಯದಲ್ಲಿ ಓದುಗರಿಗೆ ಉಳಿಯುವುದು 'ಮಹಾನ್ ಗೌರವ' ಎಂಬ ಮಾತು. 'ನಾನು ಇದಕ್ಕೆ ಅರ್ಹನಲ್ಲ' ಎಂಬ ಮಾತೂ ಆಯ್ಕೆ ಮಾಡಿದವರ ವಿವೇಚನೆಯನ್ನು ಪ್ರಶ್ನಿಸಿದಂತಾಗುತ್ತದೆ. ವಿನಯ ತೋರುವುದು ಜೊತೆಗಿದ್ದವರನ್ನು ನಿರ್ದಿಷ್ಟವಾಗಿ ನೆನೆಯುವುದರಲ್ಲಿ: ಯಾರು, ಯಾವ ಕೆಲಸದಲ್ಲಿ, ಹೇಗೆ ನೆರವಾದರು ಎಂಬ ಒಂದು ವಾಕ್ಯದಲ್ಲಿ.

### ಹೆಸರಿನ ಮುಂದೆ ಪ್ರಶಸ್ತಿ

ಆಮಂತ್ರಣ ಪತ್ರಿಕೆಗಳಲ್ಲಿಯೂ ಫಲಕಗಳಲ್ಲಿಯೂ 'ಪದ್ಮಶ್ರೀ' ಎಂಬುದನ್ನು ಹೆಸರಿನ ಹಿಂದೆ ಬಿರುದಿನಂತೆ ಅಂಟಿಸುವುದು ಸಾಮಾನ್ಯ. ಆದರೆ ಪದ್ಮ ಪ್ರಶಸ್ತಿ ಬಿರುದಲ್ಲ. ಸಂವಿಧಾನದ 18ನೇ ವಿಧಿಯು ಸೈನಿಕ ಅಥವಾ ವಿದ್ವತ್ ಸಂಬಂಧದ ಪದವಿಗಳ ಹೊರತು ಬೇರೆ ಬಿರುದುಗಳನ್ನು ಪ್ರಭುತ್ವ ನೀಡುವುದನ್ನು ನಿಷೇಧಿಸುತ್ತದೆ. 1995ರ ಡಿಸೆಂಬರ್‌ನಲ್ಲಿ ಬಾಲಾಜಿ ರಾಘವನ್ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಭಾರತರತ್ನ ಮತ್ತು ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲವಾದ್ದರಿಂದ ಅವು ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು; ಅದೇ ಕಾರಣಕ್ಕೆ ಅವುಗಳನ್ನು ಹೆಸರಿನ ಹಿಂದೆ ಅಥವಾ ಮುಂದೆ ಸೇರಿಸಿ ಬಳಸಬಾರದು, ಹಾಗೆ ಬಳಸಿದವರು ಪ್ರಶಸ್ತಿಯನ್ನು ಕಳೆದುಕೊಳ್ಳಬೇಕಾಗುತ್ತದೆ ಎಂದೂ ಹೇಳಿತು.

ಆದ್ದರಿಂದ ಅಡಿಬರಹದಲ್ಲಿ 'ಪದ್ಮಶ್ರೀ ಮಹಾಲಿಂಗ ನಾಯ್ಕ' ಎಂದು ಬರೆಯುವ ಬದಲು 'ಪದ್ಮಶ್ರೀ ಪುರಸ್ಕೃತರಾದ ಮಹಾಲಿಂಗ ನಾಯ್ಕ' ಎಂದೋ 'ನಾಯ್ಕರಿಗೆ ಪದ್ಮಶ್ರೀ ಸಂದಿದೆ' ಎಂದೋ ಬರೆಯುವುದು ಸರಿಯಾದ ಕ್ರಮ. 'ಧರ್ಮಾಧಿಕಾರಿ', 'ಪ್ರಾಂಶುಪಾಲ', 'ಭಾಗವತ' ಮುಂತಾದವು ಸ್ಥಾನ ಅಥವಾ ವೃತ್ತಿಯ ಸೂಚಕಗಳು. ಅವು ಹೆಸರಿನೊಂದಿಗೆ ಬರಲು ಅಡ್ಡಿಯಿಲ್ಲ.

## ಒಂದು ಪರಿವರ್ತನೆಯ ವಿವರ

### ಸಂಗತಿಯ ಸಂಗ್ರಹ

ಮಹಾಲಿಂಗ ನಾಯ್ಕರ ಬಗ್ಗೆ ಪ್ರಕಟಣೆಯಲ್ಲಿರುವುದು ಒಂದೇ ಸಾಲಾದ್ದರಿಂದ ಅವರ ಕೆಲಸದ ವಿವರವನ್ನು ಬೇರೆಡೆಯಿಂದ ತರಬೇಕು. ಅವರು ಅಡಿಕೆ ಮತ್ತು ತೆಂಗಿನ ಮರ ಹತ್ತುವ ಕೂಲಿ ಕೆಲಸ ಮಾಡುತ್ತಿದ್ದವರು. 1978ರ ಸುಮಾರಿಗೆ ಭೂಮಾಲೀಕರೊಬ್ಬರು ಅವರಿಗೆ ಗುಡ್ಡದ ಮೇಲಿನ ಎರಡು ಎಕರೆಯಷ್ಟು ಜಾಗವನ್ನು ನೀಡಿದರು. ಅಲ್ಲಿ ನೀರಿರಲಿಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಮುರಕಲ್ಲಿನ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ಕೊರೆಯುವ ಹಳೆಯ ಪದ್ಧತಿಯಿದೆ. ಬಾವಿಯಂತೆ ಕೆಳಕ್ಕೆ ಅಗೆಯದೆ ಗುಡ್ಡದ ಪಾರ್ಶ್ವದಿಂದ ಅಡ್ಡಲಾಗಿ ಒಳಕ್ಕೆ ಅಗೆಯುತ್ತಾರೆ. ಒಳಗೆ ಒಸರುವ ನೀರು ಯಂತ್ರದ ನೆರವಿಲ್ಲದೆ ಹೊರಕ್ಕೆ ಹರಿದು ಬರುತ್ತದೆ. ನಾಯ್ಕರು ಕೂಲಿ ಕೆಲಸ ಮುಗಿದ ನಂತರದ ಹೊತ್ತಿನಲ್ಲಿ ಒಬ್ಬರೇ ಇಂತಹ ಸುರಂಗಗಳನ್ನು ಅಗೆದರು. ಆರಂಭದ ಹಲವು ಸುರಂಗಗಳಲ್ಲಿ ನೀರು ಸಿಗಲಿಲ್ಲ. ಮುಂದೆ ನೀರು ದೊರೆತು ಆ ಜಾಗ ಅಡಿಕೆ, ತೆಂಗು, ಬಾಳೆ, ಕಾಳುಮೆಣಸಿನ ತೋಟವಾಯಿತು.

ಎಷ್ಟನೆಯ ಸುರಂಗದಲ್ಲಿ ನೀರು ಬಂದಿತು ಎಂಬ ಬಗ್ಗೆ ಪತ್ರಿಕಾ ವರದಿಗಳು ಏಕರೂಪವಾಗಿಲ್ಲ. ಕೆಲವು ಆರನೆಯದೆಂದೂ ಕೆಲವು ಏಳನೆಯದೆಂದೂ ಹೇಳುತ್ತವೆ. ಇಂತಹ ಸಂದರ್ಭದಲ್ಲಿ ಪುರಸ್ಕೃತರನ್ನೇ ಕೇಳಿ ದೃಢಪಡಿಸಿಕೊಳ್ಳುವುದು ಉತ್ತಮ. ಅದು ಸಾಧ್ಯವಾಗದಿದ್ದರೆ ಸಂಖ್ಯೆಯನ್ನು ಬಿಟ್ಟು 'ಹಲವು ಸಲ' ಎಂದು ಬರೆಯಬೇಕು. ಅಂಕಿಯೊಂದು ಬಿಟ್ಟುಹೋದರೆ ಅಡಿಬರಹಕ್ಕೆ ನಷ್ಟವಿಲ್ಲ. ತಪ್ಪು ಅಂಕಿ ಸೇರಿದರೆ ಅದು ಒಬ್ಬರಿಂದ ಒಬ್ಬರಿಗೆ ನಕಲಾಗುತ್ತ ಹೋಗುತ್ತದೆ.

### ಮೊದಲ ಕರಡು

ಪ್ರಕಟಣೆಯ ಶೈಲಿಯನ್ನೇ ಅನುಸರಿಸಿದರೆ ಬರಹ ಹೀಗಾಗುತ್ತದೆ:

> ದೇಶದ ಪ್ರತಿಷ್ಠಿತ ನಾಗರಿಕ ಗೌರವಗಳಲ್ಲಿ ಒಂದಾದ ಪದ್ಮಶ್ರೀ ಪ್ರಶಸ್ತಿಗೆ 2022ನೇ ಸಾಲಿನಲ್ಲಿ ಕರ್ನಾಟಕದಿಂದ ಕೃಷಿ ಕ್ಷೇತ್ರದಲ್ಲಿನ ಅಪ್ರತಿಮ ಸಾಧನೆಯನ್ನು ಪರಿಗಣಿಸಿ ಬಂಟ್ವಾಳ ತಾಲೂಕಿನ ಹೆಮ್ಮೆಯ ಪುತ್ರ, ಸುರಂಗ ಮನುಷ್ಯ ಎಂದೇ ಖ್ಯಾತರಾದ ಶ್ರೀ ಅಮೈ ಮಹಾಲಿಂಗ ನಾಯ್ಕ ಅವರು ಭಾಜನರಾಗಿದ್ದು, ಇದು ಇಡೀ ಜಿಲ್ಲೆಗೆ ಸಂದ ಗೌರವವಾಗಿದೆ.

ಇದರಲ್ಲಿ ವ್ಯಾಕರಣದ ದೋಷವಿಲ್ಲ. ಆದರೆ ಪುರಸ್ಕೃತರ ಹೆಸರು ವಾಕ್ಯದ ಮುಕ್ಕಾಲು ಭಾಗ ಕಳೆದ ಮೇಲೆ ಬರುತ್ತದೆ. 'ಅಪ್ರತಿಮ ಸಾಧನೆ' ಯಾವುದೆಂದು ತಿಳಿಯುವುದಿಲ್ಲ. 'ಸುರಂಗ ಮನುಷ್ಯ' ಎಂಬುದು ಆಂಗ್ಲ ಪತ್ರಿಕೆಗಳ 'ಟನಲ್ ಮ್ಯಾನ್' ಎಂಬ ಹಣೆಪಟ್ಟಿಯ ಪದಶಃ ರೂಪ. ಸುರಂಗದ ನೀರು ಕುಡಿದು ಬೆಳೆದವರಿರುವ ಪ್ರದೇಶದಲ್ಲಿ ಸುರಂಗ ಕೊರೆಯುವವರು ವಿಚಿತ್ರ ವ್ಯಕ್ತಿಗಳಲ್ಲ. ವಿಶೇಷವಿರುವುದು ಅವರು ಒಬ್ಬರೇ ಕೊರೆದರು ಮತ್ತು ಸೋತ ಮೇಲೂ ಬಿಡಲಿಲ್ಲ ಎಂಬುದರಲ್ಲಿ. 'ಇಡೀ ಜಿಲ್ಲೆಗೆ ಸಂದ ಗೌರವ' ಎಂಬ ಮಾತು ಔದಾರ್ಯದಂತೆ ತೋರಿದರೂ ಒಬ್ಬರ ಶ್ರಮದ ಫಲವನ್ನು ಎಲ್ಲರಿಗೂ ಹಂಚಿಬಿಡುತ್ತದೆ.

### ತಿದ್ದಿದ ರೂಪ

ಈಗ ಕ್ರಮವನ್ನು ತಿರುಗಿಸಲಾಗುತ್ತದೆ. ಮೊದಲು ಕೆಲಸ, ಬಳಿಕ ಅದರ ಕಷ್ಟ, ಅನಂತರ ಕಣ್ಣಿಗೆ ಕಾಣುವ ಫಲ, ಕೊನೆಗೆ ಹೆಸರು ಮತ್ತು ಪ್ರಶಸ್ತಿ:

> ಅಡ್ಯನಡ್ಕದ ಬೋಳು ಗುಡ್ಡದಲ್ಲಿ ನೀರಿಗಾಗಿ ಒಬ್ಬರೇ ಸುರಂಗ ಅಗೆದರು. ಹಲವು ಸಲ ನೀರು ಸಿಗಲಿಲ್ಲ, ಅಗೆಯುವುದನ್ನು ಬಿಡಲಿಲ್ಲ. ಇಂದು ಅಲ್ಲಿ ಅಡಿಕೆ ತೋಟವಿದೆ. ಕೃಷಿಕ ಅಮೈ ಮಹಾಲಿಂಗ ನಾಯ್ಕರಿಗೆ 2022ರ ಪದ್ಮಶ್ರೀ ಘೋಷಣೆಯಾಗಿದೆ.

ಇಲ್ಲಿ ಒಂದೂ ಪ್ರಶಂಸಾವಾಚಕ ವಿಶೇಷಣವಿಲ್ಲ. 'ಒಬ್ಬರೇ', 'ಹಲವು ಸಲ', 'ಬಿಡಲಿಲ್ಲ' ಎಂಬ ಮೂರು ಸಾಮಾನ್ಯ ಪದಗಳು ಆ ಕೆಲಸವನ್ನು ಮಾಡುತ್ತವೆ. ಮೊದಲ ವಾಕ್ಯದಲ್ಲಿ ಹೆಸರನ್ನು ತಡೆಹಿಡಿದಿರುವುದರಿಂದ ಯಾರೆಂದು ತಿಳಿಯಲು ಓದುಗರು ಮುಂದೆ ಓದುತ್ತಾರೆ. ಪ್ರಕಟಣೆಯಲ್ಲಿಲ್ಲದ ಊರಿನ ಹೆಸರು ಮೊದಲ ಪದವಾಗಿ ಬಂದಿದೆ. ಸ್ಥಳೀಯ ಓದುಗರು ಮೊದಲು ಗುರುತಿಸುವುದು ಅದನ್ನೇ. ಬೇರೆಡೆಯ ಓದುಗರಿಗಾಗಿ ಬರೆಯುವಾಗ 'ಬಂಟ್ವಾಳ ತಾಲೂಕಿನ ಅಡ್ಯನಡ್ಕ' ಎಂದು ವಿಸ್ತರಿಸಬಹುದು. ಹೆಸರು ಬದಲಿಸುವ ಪರೀಕ್ಷೆಯಲ್ಲಿಯೂ ಈ ಬರಹ ಗೆಲ್ಲುತ್ತದೆ, ಏಕೆಂದರೆ ಇದರಲ್ಲಿ ಬೇರೆಯವರ ಹೆಸರು ಕೂರುವುದಿಲ್ಲ.

ಮುದ್ರಿತ ಪತ್ರಿಕೆಯ ಒಂದು ಅಂಕಣದ ಚಿತ್ರಕ್ಕೆ ಇದೂ ಹೆಚ್ಚಾದರೆ ಒಂದೇ ವಾಕ್ಯಕ್ಕೆ ಇಳಿಸಬಹುದು:

> ಗುಡ್ಡದೊಳಗಿನ ನೀರನ್ನು ಸುರಂಗ ಅಗೆದು ತೋಟಕ್ಕೆ ಹರಿಸಿದ ಅಡ್ಯನಡ್ಕದ ಕೃಷಿಕ ಅಮೈ ಮಹಾಲಿಂಗ ನಾಯ್ಕರಿಗೆ 2022ರ ಪದ್ಮಶ್ರೀ.

ಇಲ್ಲಿ ಸೋಲಿನ ಕಥೆ ಬಿಟ್ಟುಹೋಗಿದೆ. ಸಂಕ್ಷೇಪದ ಪ್ರತಿ ಹಂತದಲ್ಲಿಯೂ ಏನೋ ಒಂದು ನಷ್ಟವಾಗುತ್ತದೆ. ಕೊನೆಯವರೆಗೂ ಉಳಿಯಬೇಕಾದದ್ದು ಕೆಲಸದ ಒಂದು ಕ್ರಿಯಾಪದ ಎಂಬುದನ್ನು ಈ ರೂಪ ತೋರಿಸುತ್ತದೆ.

## ಬರೆಯುವವರ ಸ್ಥಾನ

ಒಂದೇ ಪ್ರಶಸ್ತಿಗೆ ಬರೆಯುವವರು ಯಾರೆಂಬುದರ ಮೇಲೆ ಅಡಿಬರಹ ಬದಲಾಗುತ್ತದೆ. ಮೇಲಿನ ಉದಾಹರಣೆ ಮೂರನೆಯವರು ಬರೆದದ್ದು. ಪುರಸ್ಕೃತರೇ ಬರೆಯುವ ಬಗೆಗೆ ಮೂಡುಬಿದಿರೆಯ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವರಿಗೆ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿ ಬಂದಿದೆ. ಶಾಲೆಯ ಪ್ರಕಟಣೆ ಅವರ 22 ವರ್ಷಗಳ ಸೇವೆ, ಪಡೆದ ತರಬೇತಿಗಳು, ಸಂಘಸಂಸ್ಥೆಗಳ ಸದಸ್ಯತ್ವ ಮತ್ತು ಅಭಿನಂದಿಸಿದ ಗಣ್ಯರ ಹೆಸರುಗಳನ್ನು ಒಳಗೊಂಡಿದೆ; ನಡುವೆ ಒಂದು ಕಡೆ, ಮನೆಯಲ್ಲಿ ತುಳು ಮಾತನಾಡುವ ಮಕ್ಕಳಿಗಾಗಿ ಅವರು ಒಂದನೇ ತರಗತಿಯಲ್ಲಿ ತುಳು ಕಥೆಗಳ ಮೂಲಕ ಕನ್ನಡ ಓದು ಕಲಿಸಿದ ವಿಷಯವಿದೆ. ಅಡಿಬರಹಕ್ಕೆ ಬೇಕಾದದ್ದು ಈ ಸಂಗತಿ:

> ತುಳು ಕಥೆ ಹೇಳಿ ಕನ್ನಡ ಓದಿಸಬಹುದೆಂದು ತೋರಿಸಿಕೊಟ್ಟವರು ಒಂದನೇ ತರಗತಿಯ ಮಕ್ಕಳು. ಕಥೆಗಳನ್ನು ಮನೆಯಿಂದ ಕಳಿಸಿಕೊಟ್ಟವರು ಅವರ ಅಜ್ಜಿಯಂದಿರು. ಈ ವರ್ಷದ ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿ ಬಂದಿದೆ. ಮೊದಲು ಅವರಿಗೆ ತಿಳಿಸಬೇಕೆನಿಸಿತು.

ಈ ಬರಹದಲ್ಲಿ 'ವಿನಮ್ರ' ಎಂಬ ಪದವಿಲ್ಲ, 'ನಾನು' ಎಂಬುದೂ ಇಲ್ಲ. ಶ್ರೇಯಸ್ಸು ಯಾರಿಗೆ ಸೇರಬೇಕೆಂಬುದನ್ನು ನಿರ್ದಿಷ್ಟವಾಗಿ ಹೇಳಿದೆ. ಆದರೆ ಅಜ್ಜಿಯಂದಿರು ಕಥೆ ಕಳಿಸಿದ್ದು ನಿಜವಾಗಿದ್ದರೆ ಮಾತ್ರ ಆ ವಾಕ್ಯಕ್ಕೆ ಅರ್ಥ. ಸೊಗಸಿಗಾಗಿ ಸೇರಿಸಿದ ಕೃತಜ್ಞತೆಯನ್ನು ಊರಿನವರು ಸುಲಭವಾಗಿ ಗುರುತಿಸುತ್ತಾರೆ.

ಸಂಸ್ಥೆಗೆ ಪ್ರಶಸ್ತಿ ಬಂದಾಗ 'ನಾವು' ಎಂಬ ಪದ ಯಾರನ್ನು ಸೂಚಿಸುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಬೆಳ್ತಂಗಡಿ ತಾಲೂಕಿನಲ್ಲಿ 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಗೆ 2012ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಬಂದಿತು. ಗ್ರಾಮೀಣ ಕುಟುಂಬಗಳು ಸಣ್ಣ ಸಾಲದ ಮೂಲಕ ಸೌರದೀಪ, ಗೋಬರ್ ಗ್ಯಾಸ್ ಮುಂತಾದವನ್ನು ಅಳವಡಿಸಿಕೊಳ್ಳಲು ನೆರವಾದುದಕ್ಕೆ ಸಂದ ಗೌರವ ಅದು. ಇಂತಹ ಪ್ರಶಸ್ತಿಗೆ ಸಂಸ್ಥೆಯ ಪರವಾಗಿ ಬರೆಯುವವರಿಗೆ ಎರಡು ದಾರಿಗಳಿವೆ. 'ನಮ್ಮ ಯೋಜನೆಯು ಅಂತರರಾಷ್ಟ್ರೀಯ ಮನ್ನಣೆ ಗಳಿಸಿದೆ' ಎಂಬುದು ಒಂದು. ಇನ್ನೊಂದು, ಸಾಲ ಪಡೆದು ದೀಪ ಹಚ್ಚಿಕೊಂಡ ಕುಟುಂಬಗಳನ್ನು ಕರ್ತೃವಾಗಿಸುವುದು: 'ಕಂತು ಕಟ್ಟಿ ಮನೆಗೆ ಸೌರದೀಪ ತಂದುಕೊಂಡ ಕುಟುಂಬಗಳ ಕೆಲಸಕ್ಕೆ 2012ರ ಆಶ್ಡೆನ್ ಪ್ರಶಸ್ತಿ ಬಂದಿದೆ.' ಎರಡನೆಯದರಲ್ಲಿ ಸಂಸ್ಥೆಯ ಹೆಸರನ್ನು ಚಿತ್ರ ಅಥವಾ ಖಾತೆಯ ಹೆಸರೇ ಸೂಚಿಸುವುದರಿಂದ ಮತ್ತೆ ಹೇಳುವ ಅಗತ್ಯ ಬೀಳುವುದಿಲ್ಲ.

## ಚಿತ್ರ ಮತ್ತು ಉದ್ದ

ಚಿತ್ರದಲ್ಲಿ ಕಾಣುವುದನ್ನು ಅಡಿಬರಹ ಪುನರುಚ್ಚರಿಸಬೇಕಾಗಿಲ್ಲ. ರಾಷ್ಟ್ರಪತಿ ಭವನದ ಚಿತ್ರವಿದ್ದರೆ ಪ್ರಶಸ್ತಿ ಪ್ರದಾನವನ್ನು ಚಿತ್ರವೇ ಹೇಳುತ್ತದೆ. ಅಡಿಬರಹ ಗುಡ್ಡದ ಕಥೆಯನ್ನು ಹೇಳಬೇಕು. ಸುರಂಗದ ಬಾಯಿಯ ಚಿತ್ರವಿದ್ದರೆ ಅಡಿಬರಹದಲ್ಲಿ ಪ್ರಶಸ್ತಿಯ ಮಾತಿಗೆ ಸ್ವಲ್ಪ ಹೆಚ್ಚು ಜಾಗ ಕೊಡಬಹುದು. ಚಿತ್ರದಲ್ಲಿ ಹಲವರಿದ್ದರೆ ಪುರಸ್ಕೃತರು ಎಡದಿಂದ ಎಷ್ಟನೆಯವರು ಎಂಬುದನ್ನು ಪ್ರತ್ಯೇಕ ಸಾಲಿನಲ್ಲಿ ಸೂಚಿಸುವುದು ಪತ್ರಿಕೆಗಳ ಪದ್ಧತಿ.

ಸಾಮಾಜಿಕ ಜಾಲತಾಣಗಳಲ್ಲಿ ಅಡಿಬರಹದ ಮೊದಲ ಒಂದೆರಡು ಸಾಲುಗಳು ಮಾತ್ರ ಕಂಡು ಉಳಿದದ್ದು ಮಡಚಿಕೊಳ್ಳುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ 2,200 ಅಕ್ಷರಗಳವರೆಗೆ ಬರೆಯಲು ಅವಕಾಶವಿದ್ದರೂ ಓದುಗರು ಮುಂದೆ ಓದಬೇಕೇ ಎಂದು ನಿರ್ಧರಿಸುವುದು ಆ ಮೊದಲ ಸಾಲುಗಳಿಂದ. ಎಕ್ಸ್ ಜಾಲತಾಣದ ಸಾಮಾನ್ಯ ಮಿತಿ 280. ಕನ್ನಡದಲ್ಲಿ ಈ ಎಣಿಕೆ ಕಣ್ಣಿಗೆ ಕಾಣುವ ಅಕ್ಷರಗಳದ್ದಲ್ಲ. ಗಣಕಯಂತ್ರವು ವ್ಯಂಜನ, ಸ್ವರಚಿಹ್ನೆ ಮತ್ತು ಒತ್ತಕ್ಷರವನ್ನು ಕೂಡಿಸುವ ವಿರಾಮಚಿಹ್ನೆಗಳನ್ನು ಬೇರೆಬೇರೆಯಾಗಿ ಎಣಿಸುತ್ತದೆ. 'ಪ್ರಶಸ್ತಿ' ಎಂಬುದು ಓದುಗರಿಗೆ ಮೂರು ಅಕ್ಷರವಾದರೆ ಯಂತ್ರಕ್ಕೆ ಎಂಟು. 'ಅಡಿಕೆ' ಮೂರು ಅಕ್ಷರವಾದರೆ ಯಂತ್ರಕ್ಕೆ ಐದು. ಒತ್ತಕ್ಷರಗಳು ತುಂಬಿದ ಸಂಸ್ಕೃತ ಪದಗಳು ಹೀಗೆ ಹೆಚ್ಚು ಜಾಗ ತಿನ್ನುತ್ತವೆ. 'ಪುರಸ್ಕಾರಕ್ಕೆ ಭಾಜನರಾಗಿದ್ದಾರೆ' ಎಂಬುದಕ್ಕಿಂತ 'ಪ್ರಶಸ್ತಿ ಬಂದಿದೆ' ಎಂಬುದು ಧ್ವನಿಯಲ್ಲಿ ಸೌಮ್ಯವಾದದ್ದು, ಎಣಿಕೆಯಲ್ಲಿಯೂ ಚಿಕ್ಕದು.

## ಮಿತಿಗಳು

ಅಡಿಬರಹ ಅಧಿಕೃತ ದಾಖಲೆಯಲ್ಲ. ಪ್ರಶಸ್ತಿಯ ಷರತ್ತು, ಮೊತ್ತ, ಆಯ್ಕೆಯ ಕಾರಣ ಇವುಗಳಿಗೆ ಮೂಲ ಪ್ರಕಟಣೆಯನ್ನೇ ನೋಡಬೇಕು. ಪದ್ಮ ಪ್ರಶಸ್ತಿಯೊಂದಿಗೆ ರಾಷ್ಟ್ರಪತಿಗಳ ಸಹಿಯುಳ್ಳ ಸನದು ಮತ್ತು ಪದಕ ನೀಡಲಾಗುತ್ತದೆ, ನಗದು ಇರುವುದಿಲ್ಲ. ಮೊತ್ತವನ್ನು ಊಹಿಸಿ ಬರೆದ ಅಡಿಬರಹಗಳು ಈ ಕಾರಣಕ್ಕೂ ದಾರಿತಪ್ಪಿಸುತ್ತವೆ.

ಎಲ್ಲ ಪ್ರಶಸ್ತಿಗಳಿಗೂ ಹಗುರವಾದ ಧ್ವನಿ ಹೊಂದುವುದಿಲ್ಲ. 2022ರ ಪದ್ಮ ಪಟ್ಟಿಯಲ್ಲಿ 13 ಪ್ರಶಸ್ತಿಗಳು ಮರಣೋತ್ತರವಾಗಿದ್ದವು. ಅಂತಹ ಸಂದರ್ಭದಲ್ಲಿ ಹೆಸರನ್ನು ತಡೆಹಿಡಿದು ಕುತೂಹಲ ಮೂಡಿಸುವ ಕ್ರಮ ಅನುಚಿತ; ಹೆಸರಿನಿಂದಲೇ ಆರಂಭಿಸಿ, 'ಮರಣೋತ್ತರ' ಎಂಬುದನ್ನು ಸ್ಪಷ್ಟವಾಗಿ ಹೇಳಿ, ಸ್ವೀಕರಿಸಿದ ಕುಟುಂಬದವರ ಸಂಬಂಧವನ್ನು ತಿಳಿಸಲಾಗುತ್ತದೆ. ಕೆಲಸದ ವಿವರ ಸಿಗದೆ ಪ್ರಕಟಣೆಯ ಒಂದು ಸಾಲು ಮಾತ್ರ ಕೈಯಲ್ಲಿದ್ದಾಗ ಹೆಸರು, ಊರು, ಪ್ರಶಸ್ತಿ ಮತ್ತು ವರ್ಷವನ್ನಷ್ಟೇ ಬರೆದು ನಿಲ್ಲಿಸಬೇಕು. ಆ ಖಾಲಿ ಜಾಗವನ್ನು ವಿಶೇಷಣಗಳಿಂದ ತುಂಬಿದರೆ ಬರಹ ಮೊದಲ ಕರಡಿನ ರೂಪಕ್ಕೇ ಮರಳುತ್ತದೆ.